ಪ್ರಿಂಟರ್ ಕೆಟ್ಟಿಲ್ಲ: ರೌಟರ್ ಬದಲಾವಣೆಯ ನಂತರದ ಹನ್ನೊಂದು ದಿನಗಳ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಹೊಸ ವೈಫೈ ರೌಟರ್‌ನ ತಪ್ಪು ಹೊಂದಿಕೆ, ಅದರ ಬಗ್ಗೆ ನಿಮ್ಮ ಸಿಬ್ಬಂದಿ ನೀಡಿದ ತಪ್ಪು ಮಾಹಿತಿ

ಮಾನ್ಯರೇ,

ನಮ್ಮ ಮನೆಯ ಹಳೆಯ ರೌಟರನ್ನು ತೆಗೆದು ನಿಮ್ಮ ತಂತ್ರಜ್ಞರು ಹೊಸದನ್ನು ಕೂರಿಸಿದ ದಿನದಿಂದ ಹನ್ನೊಂದು ದಿನ ನಮ್ಮ ಪ್ರಿಂಟರ್ ಸರಿಯಾಗಿ ಕೆಲಸ ಮಾಡಲಿಲ್ಲ. ಈಗ ಕೆಲಸ ಮಾಡುತ್ತಿದೆ. ಆದರೂ ಈ ಪತ್ರ ಬರೆಯುತ್ತಿದ್ದೇನೆ. ಏಕೆಂದರೆ ನಿಮ್ಮ ದಾಖಲೆಯಲ್ಲಿ ನನ್ನ ದೂರನ್ನು ‘ಗ್ರಾಹಕರ ಪ್ರಿಂಟರ್ ದೋಷ’ ಎಂದು ಮುಚ್ಚಲಾಗಿದೆ, ಮತ್ತು ಅದು ಸುಳ್ಳು.

ನಡೆದದ್ದು ಹೀಗೆ. ತಂತ್ರಜ್ಞರು ಹಳೆಯ ನೆಟ್‌ವರ್ಕ್ ಹೆಸರನ್ನೇ ಉಳಿಸಿ, ಪಾಸ್‌ವರ್ಡ್ ಮಾತ್ರ ಬದಲಿಸಿದರು. ಹಳೆಯ ಪಾಸ್‌ವರ್ಡೇ ಇರಲಿ ಎಂದು ನಾನು ಕೇಳಿದ್ದೆ. ಸಾಧ್ಯವಿಲ್ಲ ಎಂದರು. ಮೊಬೈಲ್‌ಗಳು ಹೊಸ ಪಾಸ್‌ವರ್ಡ್ ಕೇಳಿದವು, ಕೊಟ್ಟೆವು, ಸೇರಿಕೊಂಡವು. ಪ್ರಿಂಟರ್ ಹಾಗೆ ಕೇಳುವುದಿಲ್ಲ. ಅದು ನೆನಪಿಟ್ಟುಕೊಂಡ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಪ್ರಯತ್ನಿಸುತ್ತಾ, ನೀಲಿ ದೀಪವನ್ನು ಮಿಣುಕಿಸುತ್ತಾ ಕೂರುತ್ತದೆ. ತಂತ್ರಜ್ಞರು ಹೊರಡುವ ಮುನ್ನ ಅದರತ್ತ ಒಮ್ಮೆ ನೋಡಿದ್ದರೂ ಗೊತ್ತಾಗುತ್ತಿತ್ತು.

ಪ್ರಿಂಟರ್‌ನ ಚಿಕ್ಕ ಪರದೆಯಲ್ಲಿ ಹಳೆಯ ನೆಟ್‌ವರ್ಕ್ ವಿವರಗಳನ್ನು ಅಳಿಸಿ, ಪಟ್ಟಿಯಿಂದ ನಮ್ಮ ನೆಟ್‌ವರ್ಕನ್ನು ಆರಿಸಿ, ಬಾಣದ ಗುಂಡಿಗಳಿಂದ ಒಂದೊಂದೇ ಅಕ್ಷರ ಹುಡುಕಿ ಹೊಸ ಪಾಸ್‌ವರ್ಡ್ ಹಾಕಿದೆ. ‘ಪಾಸ್‌ವರ್ಡ್ ತಪ್ಪು’ ಎಂದು ಬಂತು. ದೊಡ್ಡಕ್ಷರ, ಸಣ್ಣಕ್ಷರ, ಸೊನ್ನೆ ಎಲ್ಲವನ್ನೂ ಪರೀಕ್ಷಿಸಿ ಆರು ಬಾರಿ ಹಾಕಿದೆ. ಆರು ಬಾರಿಯೂ ಅದೇ ಉತ್ತರ. ಅದೇ ಪಾಸ್‌ವರ್ಡ್ ಮೊಬೈಲ್‌ನಲ್ಲಿ ಮೊದಲ ಸಲವೇ ಹಿಡಿಯುತ್ತಿತ್ತು.

ನಿಮ್ಮ ಸಹಾಯವಾಣಿಗೆ ಕರೆ ಮಾಡಿದಾಗ, ಪಾಸ್‌ವರ್ಡ್ ಹಾಕದೆಯೇ ಸಾಧನಗಳನ್ನು ಸೇರಿಸುವ ರೌಟರ್‌ನ WPS ಗುಂಡಿಯನ್ನು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರ್‌ನಲ್ಲೂ ಒತ್ತಿ ಎಂದರು. ಮೂರು ಸಲ ಒತ್ತಿದೆ, ಏನೂ ಆಗಲಿಲ್ಲ. ಎರಡನೆಯ ಕರೆಯಲ್ಲಿ ಮಾತನಾಡಿದವರು, “ನಿಮ್ಮ ಪ್ರಿಂಟರ್‌ನ ವೈಫೈ ಭಾಗ ಹೋಗಿರಬೇಕು, ಹೊಸದು ಕೊಳ್ಳುವುದು ಒಳ್ಳೆಯದು” ಎಂದರು. ಯಾವ ಪರೀಕ್ಷೆಯನ್ನೂ ಮಾಡದೆ, ಮಾಡಿಸದೆ ಹೇಳಿದ ಮಾತು ಅದು. ನನಗೆ ಅತಿ ಹೆಚ್ಚು ನೋವಾದದ್ದು ಇಲ್ಲಿಯೇ. ನನ್ನ ತಂದೆಯವರಿಗೆ ದೃಷ್ಟಿ ಮಂದವಾಗಿದೆ. ತಮಗೆ ಬರುವ ಪತ್ರಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡೇ ಅವರು ಓದುತ್ತಾರೆ. ಆ ದಿನ ನಾನು ಹೊಸ ಪ್ರಿಂಟರ್ ಕೊಂಡುಬಿಡುವುದರಲ್ಲಿದ್ದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿದೆ. ನಿಮ್ಮ ಸಿಬ್ಬಂದಿಯೇ ಮೊದಲು ಹೇಳಬೇಕಾಗಿದ್ದ ಪರೀಕ್ಷೆ ಇದು. ನನ್ನ ಮೊಬೈಲ್‌ನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟು, ಭದ್ರತೆಯನ್ನು WPA2 ಎಂದು ಆರಿಸಿ, ಪ್ರಿಂಟರನ್ನು ಅದಕ್ಕೆ ಸೇರಿಸಿದೆ. ಅರ್ಧ ನಿಮಿಷದಲ್ಲಿ ಸೇರಿತು. ಮಿಣುಕುತ್ತಿದ್ದ ದೀಪ ಸ್ಥಿರವಾಯಿತು, ಮೊಬೈಲ್‌ನಿಂದ ಒಂದು ಪುಟವೂ ಮುದ್ರಣವಾಯಿತು. ವೈಫೈ ಭಾಗ ಹೋಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಅಂದರೆ ದೋಷ ಪ್ರಿಂಟರ್‌ನಲ್ಲಿ ಇರಲಿಲ್ಲ, ರೌಟರ್‌ನ ಹೊಂದಿಕೆಯಲ್ಲಿತ್ತು.

ಮೊಬೈಲ್‌ನಲ್ಲಿ ನಮ್ಮ ವೈಫೈಯ ವಿವರ ತೆರೆದು ನೋಡಿದಾಗ ಕಾರಣ ಸಿಕ್ಕಿತು. ಭದ್ರತೆಯ ಜಾಗದಲ್ಲಿ WPA3 ಎಂದಷ್ಟೇ ಇತ್ತು. ನಮ್ಮ ಪ್ರಿಂಟರ್ ಮುದ್ರಿಸಿಕೊಡುವ ನೆಟ್‌ವರ್ಕ್ ವರದಿಯಲ್ಲಿ, ಅದಕ್ಕೆ ಗೊತ್ತಿರುವ ಅತ್ಯುನ್ನತ ಭದ್ರತೆ WPA2 ಎಂದು ಸ್ಪಷ್ಟವಾಗಿ ಬರೆದಿದೆ. WPA3 ಬಳಕೆಗೆ ಬಂದದ್ದು 2018ರಲ್ಲಿ. ಅದಕ್ಕೂ ಮೊದಲು ತಯಾರಾದ ಪ್ರಿಂಟರ್‌ಗೆ ಅದು ತಿಳಿಯದಿರುವುದು ದೋಷವಲ್ಲ. ಇಬ್ಬರಿಗೂ ಗೊತ್ತಿರುವ ಭಾಷೆಯೇ ಇಲ್ಲದಿದ್ದಾಗ ಪಾಸ್‌ವರ್ಡ್ ಎಷ್ಟೇ ಸರಿಯಾಗಿದ್ದರೂ ಸಂಪರ್ಕ ಆಗುವುದಿಲ್ಲ. ನಮ್ಮ ಪ್ರಿಂಟರ್ ಆ ವೈಫಲ್ಯವನ್ನು ‘ಪಾಸ್‌ವರ್ಡ್ ತಪ್ಪು’ ಎಂದೇ ತೋರಿಸುತ್ತದೆ. WPS ಗುಂಡಿ ಕೆಲಸ ಮಾಡದಿದ್ದುದಕ್ಕೂ ಇದೇ ಕಾರಣ, ಏಕೆಂದರೆ WPA3ಯಲ್ಲಿ ಆ ವಿಧಾನಕ್ಕೆ ಅವಕಾಶವೇ ಇಲ್ಲ. ನಿಮ್ಮವರೇ ಹೊಂದಿಸಿದ ರೌಟರ್‌ನಲ್ಲಿ ನಡೆಯದ ಉಪಾಯವನ್ನು ನಿಮ್ಮವರೇ ನನಗೆ ಹೇಳಿದ್ದರು.

ಕಾರಣ ತಿಳಿದ ಮೇಲೂ ನಾನು ಸರಿಪಡಿಸಲಾಗಲಿಲ್ಲ. ರೌಟರ್‌ನ ಕೆಳಗಿನ ಚೀಟಿಯಲ್ಲಿದ್ದ ನಿರ್ವಾಹಕ ಪಾಸ್‌ವರ್ಡನ್ನು ತಂತ್ರಜ್ಞರು ಬದಲಿಸಿದ್ದರು, ಹೊಸದನ್ನು ನನಗೆ ತಿಳಿಸಿರಲಿಲ್ಲ. ಅದನ್ನು ಕೇಳಿ ನಾಲ್ಕು ಕರೆ ಮಾಡಿದೆ, ಐದು ದಿನ ಕಾದೆ. ಹತ್ತನೆಯ ದಿನ ನಿಮ್ಮ ಹಿರಿಯ ತಂತ್ರಜ್ಞರೊಬ್ಬರು ತಾಳ್ಮೆಯಿಂದ ಕೇಳಿಸಿಕೊಂಡು, ದೂರದಿಂದಲೇ 2.4 ಗಿಗಾಹರ್ಟ್ಸ್‌ನ ಭದ್ರತೆಯನ್ನು WPA2-PSK (AES) ಎಂದು ಬದಲಿಸಿದರು. 5 ಗಿಗಾಹರ್ಟ್ಸ್ ಅನ್ನು WPA3ಯಲ್ಲೇ ಬಿಟ್ಟು ಬೇರೆ ಹೆಸರು ಕೊಟ್ಟರು. ನಿರ್ವಾಹಕ ಪಾಸ್‌ವರ್ಡನ್ನೂ ಕೊಟ್ಟರು. ಪ್ರಿಂಟರ್ ಮೊದಲ ಯತ್ನದಲ್ಲೇ ಸೇರಿತು. ಅವರಿಗೆ ನಾನು ಕೃತಜ್ಞಳು.

ಇನ್ನೂ ಒಂದು ತೊಡಕು ಉಳಿದಿತ್ತು. ಮೊಬೈಲ್‌ನಿಂದ ಮುದ್ರಣವಾಗುತ್ತಿತ್ತು, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಪ್ರಿಂಟರ್ Offline ಎಂದೇ ಇತ್ತು. ಎರಡು ಹೆಸರುಗಳಾದ್ದರಿಂದ ಹೀಗಾಗಿದೆಯೇ ಎಂದು ಮೊದಲು ಶಂಕಿಸಿದೆ. ಹಾಗಲ್ಲ, ಹೆಸರು ಎರಡಾದರೂ ನಮ್ಮ ಮನೆಯೊಳಗಿನ ಜಾಲ ಒಂದೇ. ಹಳೆಯ ರೌಟರ್ ಪ್ರಿಂಟರ್‌ಗೆ 192.168.1.35 ಎಂಬ ವಿಳಾಸ ಕೊಟ್ಟಿತ್ತು, ಹೊಸದು 192.168.0.12 ಕೊಟ್ಟಿದೆ. ಮೊಬೈಲ್ ಪ್ರತಿಸಲವೂ ಪ್ರಿಂಟರನ್ನು ಹುಡುಕಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಮಾತ್ರ ಹಳೆಯ ವಿಳಾಸಕ್ಕೇ ಪುಟಗಳನ್ನು ಕಳುಹಿಸುತ್ತಿತ್ತು. Printer properties ಒಳಗಿನ Ports ಪುಟದಲ್ಲಿ Standard TCP/IP Port ಆರಿಸಿ ಹೊಸ ವಿಳಾಸ ಕೊಟ್ಟಾಗ ಸರಿಹೋಯಿತು. ವಿಳಾಸ ಮತ್ತೆ ಬದಲಾಗದಿರಲೆಂದು ಅದನ್ನು ರೌಟರ್‌ನಲ್ಲಿ ಪ್ರಿಂಟರ್‌ಗೇ ಕಾಯ್ದಿರಿಸಿದ್ದೇನೆ. ಈ ಕೊನೆಯ ಭಾಗ ನಿಮ್ಮ ಹೊಣೆ ಎಂದು ನಾನು ಹೇಳುವುದಿಲ್ಲ. ಆದರೆ ರೌಟರ್ ಬದಲಾದರೆ ಮನೆಯೊಳಗಿನ ವಿಳಾಸಗಳೂ ಬದಲಾಗಬಹುದು ಎಂದು ಒಂದು ಮಾತು ಹೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಹಳೆಯ ಭದ್ರತಾ ಬಗೆ ಈ ಮೂರನ್ನೂ ಹೊಸ ರೌಟರ್‌ಗೆ ಕೊಟ್ಟಿದ್ದರೆ ಪ್ರಿಂಟರ್ ಯಾರೂ ಮುಟ್ಟದೆಯೇ ಸೇರಿಕೊಳ್ಳುತ್ತಿತ್ತು. ಸಾಧ್ಯವಿಲ್ಲ ಎಂಬುದು ನಿಜವಲ್ಲ. ನಿರ್ವಾಹಕ ಪುಟ ತೆರೆದ ಮೇಲೆ ನಾನೇ ನೋಡಿದೆ, ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ನಮಗೆ ಬೇಕಾದುದನ್ನು ಬರೆಯಬಹುದು. ಸುರಕ್ಷತೆಗಾಗಿ ಬದಲಿಸುವುದು ನಿಮ್ಮ ನಿಯಮವಾದರೆ ನನಗೆ ಆಕ್ಷೇಪವಿಲ್ಲ, ಅದನ್ನು ಹಾಗೆಂದೇ ಹೇಳಬೇಕಾಗಿತ್ತು.

ಆದ್ದರಿಂದ ನನ್ನ ದೂರಿನ ದಾಖಲೆಯಿಂದ ‘ಗ್ರಾಹಕರ ಪ್ರಿಂಟರ್ ದೋಷ’ ಎಂಬುದನ್ನು ತೆಗೆದು ನಿಜವಾದ ಕಾರಣವನ್ನು ಬರೆಯಬೇಕು. ಆ ತಪ್ಪು ಷರಾದ ಆಧಾರದ ಮೇಲೆ ನನ್ನ ಬಿಲ್ಲಿಗೆ ಸೇರಿಸಿರುವ ಭೇಟಿ ಶುಲ್ಕವನ್ನು ಹಿಂದಿರುಗಿಸಬೇಕು. ರೌಟರ್ ಬದಲಿಸುವ ತಂತ್ರಜ್ಞರು ಮನೆಯಲ್ಲಿ ಪ್ರಿಂಟರ್ ಇದೆಯೇ ಎಂದು ಕೇಳಿ, ಅದರಿಂದ ಒಂದು ಪುಟ ಮುದ್ರಿಸಿ ನೋಡಿಯೇ ಹೊರಡಬೇಕು ಮತ್ತು ನಿರ್ವಾಹಕ ಪಾಸ್‌ವರ್ಡನ್ನು ಗ್ರಾಹಕರಿಗೆ ಬರೆದುಕೊಡಬೇಕು. ಸಹಾಯವಾಣಿಯವರು ಹೊಸ ಪ್ರಿಂಟರ್ ಕೊಳ್ಳಿ ಎನ್ನುವ ಮೊದಲು ಹಾಟ್‌ಸ್ಪಾಟ್ ಪರೀಕ್ಷೆ ಮಾಡಿಸುವಂತೆ ಸೂಚಿಸಬೇಕು.

ಪ್ರಿಂಟರ್‌ನ ನೆಟ್‌ವರ್ಕ್ ವರದಿ, ಮೊಬೈಲ್ ಪರದೆಯ ಚಿತ್ರ ಮತ್ತು ನಾನು ಮಾಡಿದ ಕರೆಗಳ ವಿವರಗಳನ್ನು ಲಗತ್ತಿಸಿದ್ದೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರವನ್ನು ಕೋರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ