ತಲಾ ಆದಾಯದ ಪಟ್ಟಿಯ ಪಕ್ಕ ಇನ್ನೊಂದು ಕಾಲಂ ಬೇಕು

ಮಾನ್ಯ ಸಂಪಾದಕರೇ,

ದೇಶಗಳನ್ನು ತಲಾ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಮೇಲಿರುವವರು ಚೆನ್ನಾಗಿ ಬದುಕುತ್ತಿದ್ದಾರೆ, ಕೆಳಗಿರುವವರು ಹಿಂದೆ ಬಿದ್ದಿದ್ದಾರೆ ಎಂದು ಹೇಳುವ ವರದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಅವುಗಳಿಂದ ತೆಗೆದ ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ಒಂದೇ ಸಂಬಳ ಪಡೆಯುವ ಇಬ್ಬರನ್ನು ನೋಡಿ. ಒಬ್ಬರು ಬಸ್ ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಇನ್ನೊಬ್ಬರದು ಗಾಲಿಕುರ್ಚಿ. ಬಸ್ಸಿನ ಮೆಟ್ಟಿಲು ಏರಲಾಗದೆ ದಿನಾ ಬಾಡಿಗೆ ಗಾಡಿ ಮಾಡಬೇಕು. ಸ್ನಾನಕ್ಕೆ, ಬಟ್ಟೆಗೆ ಸಹಾಯಕರನ್ನು ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಖರ್ಚು ಮಾಡಿದರೂ ಲಿಫ್ಟ್ ಇಲ್ಲದ ಕಚೇರಿಯ ಎರಡನೇ ಮಹಡಿಗೆ ಹೋಗಲು ಆಗುವುದಿಲ್ಲ. ಆದಾಯದ ಲೆಕ್ಕದಲ್ಲಿ ಇಬ್ಬರೂ ಸಮ. ಬದುಕಿನಲ್ಲಿ ಸಮ ಅಲ್ಲವೇ ಅಲ್ಲ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1979ರ ಒಂದು ಉಪನ್ಯಾಸದಲ್ಲಿ ಎತ್ತಿದ ಪ್ರಶ್ನೆ ಇದೇ: ಸಮಾನತೆ ಎನ್ನುವಾಗ ಯಾವುದರ ಸಮಾನತೆಯನ್ನು ಅಳೆಯಬೇಕು? ಹಣ ಒಂದು ಸಾಧನ ಅಷ್ಟೇ. ಅದನ್ನು ಓಡಾಟವಾಗಿ, ಆರೋಗ್ಯವಾಗಿ, ಓದಾಗಿ ಬದಲಾಯಿಸಿಕೊಳ್ಳಲು ಎಲ್ಲರಿಗೂ ಒಂದೇ ರೀತಿ ಸಾಧ್ಯವಿಲ್ಲ. ಮೈಯ ಸ್ಥಿತಿ, ಸುತ್ತಲಿನ ವ್ಯವಸ್ಥೆ, ಸಮಾಜದ ಕಟ್ಟುಪಾಡು ಎಲ್ಲವೂ ಅಡ್ಡ ಬರುತ್ತವೆ. ಆದ್ದರಿಂದ ಒಬ್ಬ ವ್ಯಕ್ತಿ ನಿಜವಾಗಿ ಏನೇನು ಮಾಡಬಲ್ಲ, ಹೇಗಿರಬಲ್ಲ ಎಂಬುದನ್ನೇ ನೋಡಬೇಕು ಎಂದರು ಸೇನ್. ಅದನ್ನೇ ಅವರು ಸಾಮರ್ಥ್ಯ ಎಂದು ಕರೆದದ್ದು. ಇಲ್ಲಿ ಆಯ್ಕೆಗೂ ಬೆಲೆ ಇದೆ. ಉಪವಾಸ ಮಾಡುವವರ ಹೊಟ್ಟೆಯೂ ಖಾಲಿ, ಊಟವಿಲ್ಲದವರ ಹೊಟ್ಟೆಯೂ ಖಾಲಿ. ಆದರೆ ಮೊದಲನೆಯವರು ಬೇಕೆಂದಾಗ ಉಣ್ಣಬಲ್ಲರು.

ಈ ವಿಚಾರದ ಬಲದಿಂದಲೇ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ 1990ರಲ್ಲಿ ವಿಶ್ವಸಂಸ್ಥೆಯ ಮೂಲಕ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಹೊರತಂದರು. ಇಷ್ಟು ದೊಡ್ಡ ವಿಚಾರವನ್ನು ಒಂದೇ ಅಂಕಿಗೆ ಇಳಿಸುವುದು ಸೇನ್ ಅವರಿಗೆ ಮೊದಲು ಇಷ್ಟವಿರಲಿಲ್ಲ. ರಾಷ್ಟ್ರೀಯ ಉತ್ಪನ್ನದ ಅಂಕಿಯನ್ನು ಎದುರಿಸಲು ಅಷ್ಟೇ ಸರಳವಾದ ಇನ್ನೊಂದು ಅಂಕಿ ಬೇಕು ಎಂದು ಹಕ್ ಹಟ ಹಿಡಿದರು. ಹಕ್ ಹೇಳಿದ್ದೇ ಸರಿ ಎಂದು ನನಗೂ ಅನಿಸುತ್ತದೆ.

ಸೂಚ್ಯಂಕದಲ್ಲಿ ಆಯಸ್ಸು, ಶಿಕ್ಷಣ, ಆದಾಯ ಮೂರೂ ಇವೆ. ಆದಾಯವನ್ನು ಇಲ್ಲಿ ಲೆಕ್ಕ ಹಾಕುವ ರೀತಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಅದನ್ನು ನೇರವಾಗಿ ಸೇರಿಸುವುದಿಲ್ಲ, ಅದರ ಲಾಗರಿದಮ್ ತೆಗೆದು ಸೇರಿಸುತ್ತಾರೆ. ಬೆಲೆ ವ್ಯತ್ಯಾಸಕ್ಕೆ ಸರಿಹೊಂದಿಸಿದ ಡಾಲರ್‌ಗಳಲ್ಲಿ 100 ಕೆಳಗಿನ ಮಿತಿ, ಅದಕ್ಕೆ ಅಂಕ 0; 75,000 ಮೇಲಿನ ಮಿತಿ, ಅದಕ್ಕೆ ಅಂಕ 1. ತಲಾ ಆದಾಯ 1,000ದಿಂದ 2,000ಕ್ಕೆ ಏರಿದರೆ ಆದಾಯದ ಅಂಕ ಸುಮಾರು 0.105 ಹೆಚ್ಚುತ್ತದೆ. ಅದೇ 1,000 ಡಾಲರ್ 30,000 ಇರುವ ದೇಶಕ್ಕೆ ಸೇರಿದರೆ ಹೆಚ್ಚುವುದು ಬರೀ 0.005. 75,000 ದಾಟಿದ ಮೇಲೆ ಎಷ್ಟೇ ಬಂದರೂ ಅಂಕ ಏರುವುದಿಲ್ಲ. ಮಗುವಿಗೆ ಹಾಲು ಕೊಳ್ಳಲು ಒದಗುವ ಹಣಕ್ಕೂ ಮೂರನೇ ಕಾರಿಗೆ ಹೋಗುವ ಹಣಕ್ಕೂ ಒಂದೇ ತೂಕ ಕೊಡಬಾರದು, ಅಲ್ವಾ? ತಲಾ ಆದಾಯದ ಪಟ್ಟಿ ಕೊಡುವುದು ಒಂದೇ ತೂಕ.

ಇದರಿಂದ ಏನು ಕಾಣುತ್ತದೆ ಎಂಬುದಕ್ಕೆ ಈಕ್ವಟೋರಿಯಲ್ ಗಿನಿ ಸಾಕ್ಷಿ. 1990ರ ದಶಕದಲ್ಲಿ ಅಲ್ಲಿ ದೊಡ್ಡ ಪ್ರಮಾಣದಲ್ಲಿ ತೈಲ ಸಿಕ್ಕಿ ತಲಾ ಆದಾಯ ಜಿಗಿಯಿತು. ಆಸ್ಪತ್ರೆ, ಶಾಲೆಗಳು ಆ ವೇಗದಲ್ಲಿ ಬೆಳೆಯಲಿಲ್ಲ. ಸೂಚ್ಯಂಕದಲ್ಲಿ ಅದರ ಸ್ಥಾನ ಆದಾಯದ ಸ್ಥಾನಕ್ಕಿಂತ ಬಹಳ ಕೆಳಗೇ ಉಳಿಯಿತು. ಕೋಸ್ಟಾರಿಕಾದ್ದು ಇದಕ್ಕೆ ತದ್ವಿರುದ್ಧ. ಅದರ ತಲಾ ಆದಾಯ ಅಮೆರಿಕದ ಸುಮಾರು ಮೂರನೇ ಒಂದು ಭಾಗ. ಆದರೂ ಅಲ್ಲಿನವರ ಸರಾಸರಿ ಆಯಸ್ಸು ಅಮೆರಿಕದವರಿಗಿಂತ ಕಡಿಮೆ ಇಲ್ಲ. 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ ಆ ದೇಶ ಆರೋಗ್ಯ ಸೇವೆಗೆ, ಶಾಲೆಗೆ ಬಹಳ ಕಾಲದಿಂದ ಹಣ ಹಾಕುತ್ತಾ ಬಂದಿದೆ.

ಹಾಗಂತ ಸೂಚ್ಯಂಕವೇ ಎಲ್ಲ ಹೇಳಿಬಿಡುತ್ತದೆ ಎಂದಲ್ಲ. ಅದೂ ಸರಾಸರಿಯೇ. ದೇಶದೊಳಗಿನ ಅಂತರ ಅದರಲ್ಲಿ ಕಾಣುವುದಿಲ್ಲ. ಅದಕ್ಕಾಗಿಯೇ 2010ರಿಂದ ಅಸಮಾನತೆಯನ್ನು ಕಳೆದು ತೋರಿಸುವ ಬೇರೆ ಸೂಚ್ಯಂಕವೂ ಬರುತ್ತಿದೆ. ಮಾತಾಡುವ ಸ್ವಾತಂತ್ರ್ಯ, ರಾತ್ರಿ ಹೆದರಿಕೆಯಿಲ್ಲದೆ ಓಡಾಡುವ ಧೈರ್ಯ ಈ ಎರಡು ಸೂಚ್ಯಂಕಗಳಲ್ಲೂ ಇಲ್ಲ. ಗಾಲಿಕುರ್ಚಿಯವರ ಕಷ್ಟವೂ ಇಲ್ಲ. ಸಾಮರ್ಥ್ಯದ ವಿಚಾರ ಸೂಚ್ಯಂಕಕ್ಕಿಂತ ಎಷ್ಟೋ ದೊಡ್ಡದು.

ನನ್ನ ಕೋರಿಕೆ ಚಿಕ್ಕದು. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಯ ಕೋಷ್ಟಕದಲ್ಲಿ ಒಂದು ಕಾಲಂ ಇದೆ. ದೇಶದ ಆದಾಯದ ಸ್ಥಾನದಿಂದ ಸೂಚ್ಯಂಕದ ಸ್ಥಾನವನ್ನು ಅಲ್ಲಿ ಕಳೆದಿರುತ್ತಾರೆ. ಪ್ಲಸ್ ಬಂದರೆ ಆ ದೇಶ ತನ್ನ ಆದಾಯಕ್ಕೆ ಮೀರಿ ಜನರಿಗೆ ಆಯಸ್ಸು, ಓದು ಕೊಟ್ಟಿದೆ ಎಂದರ್ಥ. ಮೈನಸ್ ಬಂದರೆ ಹಣ ಇದೆ, ಜನರ ಬದುಕಿಗೆ ತಲುಪಿಲ್ಲ ಎಂದರ್ಥ. ಮುಂದಿನ ಸಲ ತಲಾ ಆದಾಯದ ಪಟ್ಟಿ ಹಾಕುವಾಗ ದಯವಿಟ್ಟು ಆ ಕಾಲಂ ಅನ್ನೂ ಪಕ್ಕದಲ್ಲೇ ಅಚ್ಚು ಮಾಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ