ವಾಚಿನ ಎಚ್‌ಆರ್‌ವಿ ಒಂದು ದಿನ ಬಿದ್ದರೆ ಗಾಬರಿ ಬೇಡ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಎದ್ದ ಕೂಡಲೇ "ಇವತ್ತು ಎಚ್‌ಆರ್‌ವಿ 31 ಬಂದಿದೆ, ಓಡಬಹುದಾ?" ಅಂತ ಮೆಸೇಜ್‌ಗಳು ಜಾಸ್ತಿಯಾಗಿವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡು ಹೃದಯ ಬಡಿತಗಳ ನಡುವಿನ ಅಂತರ ಪ್ರತಿ ಸಲ ಒಂದೇ ಇರುವುದಿಲ್ಲ. ಆ ಏರುಪೇರನ್ನೇ ವಾಚು ಎಚ್‌ಆರ್‌ವಿ ಅಂತ ಮಿಲಿಸೆಕೆಂಡಿನಲ್ಲಿ ತೋರಿಸುವುದು. ತಡವಾದ ಊಟ, ಡ್ರಿಂಕ್ಸ್, ಸೆಕೆ, ಅರೆನಿದ್ದೆ, ನೆಗಡಿ ಶುರುವಾಗುವುದು, ಏನೇ ಇದ್ದರೂ ಅದು ಅಲುಗಾಡುತ್ತದೆ. ಪಟ್ಟಿ ಸಡಿಲವಿದ್ದರೆ ಅಳತೆಯೇ ತಪ್ಪುತ್ತದೆ.

ನನ್ನದೇ ಕಳೆದ ವಾರದ ಲೆಕ್ಕ ನೋಡಿ: 48, 52, 45, 31, 50, 47, 49. ಆ 31 ಬಂದಿದ್ದು ಮದುವೆ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹೋಳಿಗೆ ಊಟ ಮುಗಿಸಿ ಮಲಗಿದ ಮಾರನೇ ದಿನ! ಆದರೂ ವಾರದ ಸರಾಸರಿ 46. ಆ ಒಂದು ದಿನ ಬಿಟ್ಟರೆ 48.5, ಅಷ್ಟೇ ವ್ಯತ್ಯಾಸ.

ಹಾಗಾಗಿ ರಾತ್ರಿ ನಿದ್ದೆಯಲ್ಲಿ ಅಳೆದ ಅಂಕಿಯ ಏಳು ದಿನದ ಸರಾಸರಿ ನೋಡಿ, ಅದನ್ನು ನಿಮ್ಮದೇ ಹಿಂದಿನ ಒಂದೆರಡು ತಿಂಗಳ ಜೊತೆ ಹೋಲಿಸಿ. ಪಕ್ಕದವರ 80 ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ, ವಯಸ್ಸು ಬೇರೆ, ವಾಚು ಲೆಕ್ಕ ಹಾಕುವ ರೀತಿಯೂ ಬೇರೆ ಇರಬಹುದು. ಸರಾಸರಿಯೇ ವಾರಗಟ್ಟಲೆ ಇಳಿಯುತ್ತಾ, ಜೊತೆಗೆ ಬೆಳಗಿನ ಬಡಿತ ಏರುತ್ತಾ, ಸುಸ್ತೂ ಇದ್ದರೆ ಓಟ ಕಡಿಮೆ ಮಾಡಿ. ಎದೆನೋವು, ತಲೆಸುತ್ತು ಇದ್ದರೆ ಮಾತ್ರ ವಾಚು ನೋಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.