ಟಿಕೆಟ್ 4182ರ ಹಿಸ್ಟರಿಯನ್ನು ನನ್ನ ಜೊತೆ ಕೂತು ಓದಿದವರಿಗೆ

ಬೇರೆಯವರು ಟಿಕೆಟ್‌ನಲ್ಲಿ ಬರೆದದ್ದನ್ನು ಅಳಿಸುತ್ತಿದೆ ಎಂದು ಗೊತ್ತಾಗಿ ನಿಲ್ಲಿಸಿದ್ದ ನಮ್ಮ ಟಿಕೆಟ್ ಹಂಚುವ ಸ್ಕ್ರಿಪ್ಟ್ ಮತ್ತೆ ಶುರುವಾಗಿ ನಿನ್ನೆಗೆ ಆರು ತಿಂಗಳು ತುಂಬಿತು. ಈ ಆರು ತಿಂಗಳಲ್ಲಿ ಅದು ಯಾರೊಬ್ಬರು ಬರೆದದ್ದನ್ನೂ ಅಳಿಸಿಲ್ಲ. ಯಾರು ಯಾವಾಗ ಏನು ಬದಲಿಸಿದರು ಎಂಬ ಹಿಸ್ಟರಿಯನ್ನು ವಾರಕ್ಕೊಮ್ಮೆ ತೆಗೆದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಇಲ್ಲಿಗೆ ಬಂದು ಮುಟ್ಟಿದ್ದು ನನ್ನೊಬ್ಬನಿಂದ ಅಲ್ಲ. ಯಾರು ಏನು ಮಾಡಿದರು ಅನ್ನುವುದನ್ನು ಬಿಡಿಸಿ ಹೇಳದೆ ಬರೀ ಧನ್ಯವಾದ ಅಂದರೆ ಅವರ ಕೆಲಸಕ್ಕೆ ನ್ಯಾಯ ಆಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಸಪೋರ್ಟ್ ತಂಡದ ಅಕ್ಕ. ಅವತ್ತು ಬೆಳಗ್ಗೆ 4182 ಟಿಕೆಟ್ ಬಂದಾಗ ಸ್ಕ್ರಿಪ್ಟ್ ಎಂದಿನಂತೆ 10:04:12ಕ್ಕೆ ಅದನ್ನು ಓದಿಕೊಂಡಿತು. ಟಿಕೆಟ್ ಓದುವುದು, ಸಂಬಂಧಪಟ್ಟ ಸರ್ವರ್‌ಗಳಿಂದ ಲಾಗ್ ತರುವುದು, ಯಾವ ತಂಡಕ್ಕೆ ಹೋಗಬೇಕು ಎಂದು ನಿರ್ಧರಿಸಿ ಟಿಕೆಟ್‌ನಲ್ಲಿ ಬರೆಯುವುದು ಅದರ ಕೆಲಸ. ಲಾಗ್ ತರಲು ಮೂವತ್ತು ನಲವತ್ತು ಸೆಕೆಂಡ್ ಹಿಡಿಯುತ್ತದೆ. ಆ ನಡುವೆ, 10:04:33ಕ್ಕೆ, ಅಕ್ಕ ಪ್ರಯಾರಿಟಿಯನ್ನು ‘ಸಾಮಾನ್ಯ’ದಿಂದ ‘ತುರ್ತು’ ಮಾಡಿ, ವಿವರಣೆಯ ಕೊನೆಗೆ ಒಂದು ಸಾಲು ಸೇರಿಸಿ ಸೇವ್ ಮಾಡಿದರು: “ಸರ್ವರ್ ರೀಸ್ಟಾರ್ಟ್ ಮಾಡಬೇಡಿ, ಬೆಳಗಿನ ಎಂಟ್ರಿಗಳು ಇನ್ನೂ ಮೆಮೊರಿಯಲ್ಲೇ ಇವೆ.” 10:04:51ಕ್ಕೆ ಸ್ಕ್ರಿಪ್ಟ್ ತನ್ನ ಕೆಲಸ ಮುಗಿಸಿ, ತಾನು ಮೊದಲು ಓದಿಕೊಂಡಿದ್ದ ಇಡೀ ಟಿಕೆಟ್ಟನ್ನು ತಂಡದ ಹೆಸರು ತುಂಬಿ ವಾಪಸ್ ಬರೆಯಿತು. ಅದರ ಕೈಯಲ್ಲಿದ್ದ ಪ್ರತಿಯಲ್ಲಿ ಪ್ರಯಾರಿಟಿ ‘ಸಾಮಾನ್ಯ’ವೇ ಇತ್ತು, ಆ ಸಾಲು ಇರಲೇ ಇಲ್ಲ.

ತಂಡದವರು ಸಾಮಾನ್ಯ ಟಿಕೆಟ್ ಎಂದುಕೊಂಡು ಎಂದಿನ ಹಾಗೆ ಸರ್ವರ್ ರೀಸ್ಟಾರ್ಟ್ ಮಾಡಿದರು. ಬೆಳಗಿನ ಎಂಟ್ರಿಗಳೆಲ್ಲ ಹೋದವು, ಕೂತು ಮತ್ತೆ ತುಂಬಬೇಕಾಯಿತು. ‘ತುರ್ತು ಅಂತ ಯಾಕೆ ಹಾಕಲಿಲ್ಲ’ ಎಂದು ಎಲ್ಲರೂ ಕೇಳಿದ್ದು ಅಕ್ಕನನ್ನೇ. ಹಾಕಿದ್ದೆ ಎಂದು ಅವರು ಹೇಳಿದರು. ಸ್ಕ್ರೀನ್ ನೋಡಿದರೆ ಹಾಕಿರಲಿಲ್ಲ. ಸೇವ್ ಬಟನ್ ಸರಿಯಾಗಿ ಒತ್ತಿಲ್ಲವೇನೋ ಎಂದು ನಾನೂ ಹೇಳಿದೆ. ಅವರು ಒಪ್ಪಿಕೊಂಡು ಸುಮ್ಮನಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ‘ಹಿಸ್ಟರಿ ತೆಗೆಯಿರಿ, ನಾನು ಕಾಯ್ತೀನಿ’ ಅಂದರು. ಅಕ್ಕ, ಅವತ್ತು ನಿಮ್ಮನ್ನು ನಂಬದೇ ಹೋದೆ. ಇಲ್ಲಿ, ಎಲ್ಲರ ಎದುರು, ಕ್ಷಮೆ ಕೇಳುತ್ತೇನೆ.

ಹಿಸ್ಟರಿ ಓದಿ ತೋರಿಸಿದವರು ಡೇಟಾಬೇಸ್ ನೋಡಿಕೊಳ್ಳುವ ಹಿರಿಯರು. 10:04:51ರ ಸಾಲಿನಲ್ಲಿ ಸ್ಕ್ರಿಪ್ಟ್‌ನ ಅಕೌಂಟ್ ಹೆಸರಿನ ಎದುರು ಮೂರು ಬದಲಾವಣೆ ಇದ್ದವು: ತಂಡ ತುಂಬಿದ್ದು, ಪ್ರಯಾರಿಟಿ ‘ತುರ್ತು’ದಿಂದ ‘ಸಾಮಾನ್ಯ’ಕ್ಕೆ ಇಳಿದದ್ದು, ವಿವರಣೆ ಒಂದು ಸಾಲು ಕಮ್ಮಿಯಾದದ್ದು. ನನ್ನ ಕೋಡ್‌ನಲ್ಲಿ ಪ್ರಯಾರಿಟಿ ಬದಲಿಸುವ ಸಾಲೇ ಇಲ್ಲ ಎಂದು ನಾನು ವಾದಿಸಿದೆ. ‘ಬದಲಿಸೋ ಸಾಲು ಬೇಕಾಗಿಲ್ಲಪ್ಪ, ಹಳೇ ಪ್ರತಿ ಪೂರ್ತಿ ಬರೆದರೆ ಸಾಕು’ ಎಂದರು. ಡೇಟಾಬೇಸ್‌ನವರು ಇದನ್ನು ಲಾಸ್ಟ್ ಅಪ್‌ಡೇಟ್, ಅಂದರೆ ಕಳೆದುಹೋದ ಬದಲಾವಣೆ, ಅನ್ನುತ್ತಾರೆ. ಇದರ ಗುರುತು ಹಿಡಿಯುವುದನ್ನೂ ಅವರೇ ಕಲಿಸಿದರು: ಮನುಷ್ಯರು ಒಂದು ಫೀಲ್ಡ್ ಬದಲಿಸಿದ ಒಂದೆರಡು ನಿಮಿಷದೊಳಗೆ ಸ್ಕ್ರಿಪ್ಟ್‌ನ ಅಕೌಂಟ್‌ನಿಂದ ಅದೇ ಫೀಲ್ಡ್ ಅಕ್ಷರವೂ ಬಿಡದೆ ಮೊದಲು ಇದ್ದದ್ದಕ್ಕೇ ಮರಳಿದ್ದರೆ, ಅದು ನಿರ್ಧಾರ ಅಲ್ಲ, ಹಳೆಯ ಪ್ರತಿ ಮೇಲೆ ಬಿದ್ದದ್ದು. ಆ ನಿಯಮದಲ್ಲೇ ಹಿಂದಿನ ಮೂರು ತಿಂಗಳ ಹಿಸ್ಟರಿ ಹುಡುಕಿದಾಗ ಇನ್ನೂ ಹಲವು ಸಿಕ್ಕವು. ಯಾರೂ ದೂರು ಕೊಟ್ಟಿರಲಿಲ್ಲ. ತಾವೇ ಮರೆತಿರಬೇಕು ಎಂದುಕೊಂಡು ಮತ್ತೊಮ್ಮೆ ತುಂಬಿದ್ದರು.

ಇಬ್ಬರು ಮನುಷ್ಯರು ಒಂದೇ ಟಿಕೆಟ್ ತೆರೆದಿದ್ದರೆ ನಮ್ಮ ವ್ಯವಸ್ಥೆ ಎರಡನೆಯವರನ್ನು ತಡೆಯುತ್ತದೆ. ಬಗ್‌ಜಿಲಾ ಬಳಸಿದವರಿಗೆ ‘ಮಿಡ್-ಏರ್ ಕೊಲಿಷನ್’ ಪುಟ ನೆನಪಿರಬಹುದು, ಅಂಥದ್ದೇ. ಆದರೆ ಆ ಕಾವಲು ಇದ್ದದ್ದು ಸ್ಕ್ರೀನಿನ ಬಾಗಿಲಲ್ಲಿ ಮಾತ್ರ. ಸ್ಕ್ರಿಪ್ಟ್‌ಗಳು ಬರುವ ಬಾಗಿಲು ಎಪಿಐ. ಪ್ರತಿ ಸೇವ್‌ಗೂ ಏರುವ ವರ್ಷನ್ ಸಂಖ್ಯೆಯಲ್ಲಿ ತಾವು ಓದಿದ್ದು ಯಾವುದು ಎಂದು ಬಂದವರು ಹೇಳಿದರೆ ಅದು ಹೋಲಿಸಿ ನೋಡುತ್ತಿತ್ತು, ಹೇಳದಿದ್ದರೆ ಸುಮ್ಮನೆ ಬರೆದುಕೊಳ್ಳುತ್ತಿತ್ತು. ನನ್ನ ಸ್ಕ್ರಿಪ್ಟ್ ಎಂದೂ ಹೇಳಿರಲಿಲ್ಲ. ವರ್ಷನ್ ಹೇಳದ ಬರಹವನ್ನು ಸರ್ವರ್ ತಿರಸ್ಕರಿಸಲಿ ಎಂದೇ 2012ರಲ್ಲಿ ಆರ್‌ಎಫ್‌ಸಿ 6585 ಎಚ್‌ಟಿಟಿಪಿಗೆ `428 Precondition Required` ಎಂಬ ಉತ್ತರವನ್ನು ಸೇರಿಸಿದೆ. ಈಗ ನಮ್ಮ ಎಪಿಐ ಅದನ್ನೇ ಕೊಡುತ್ತದೆ.

ಸರಿಪಡಿಸುವ ಮೊದಲ ಹೆಜ್ಜೆ ಸುಲಭ. ಇಡೀ ಟಿಕೆಟ್ ಬರೆಯುವುದನ್ನು ಬಿಟ್ಟು, ಬದಲಿಸಿದ ಫೀಲ್ಡ್ ಮಾತ್ರ ಕಳುಹಿಸುವುದು. ಲೇಬಲ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಯಾಕೆಂದರೆ ಲೇಬಲ್‌ಗಳೆಲ್ಲ ಸೇರಿ ಒಂದೇ ಫೀಲ್ಡ್. ಪಟ್ಟಿ ಕಳುಹಿಸಿದರೆ ಪಟ್ಟಿಯೇ ಬದಲಾಗುತ್ತದೆ, ಆ ಹೊತ್ತಿಗೆ ಬೇರೆಯವರು ಸೇರಿಸಿದ್ದು ಹೋಗುತ್ತದೆ. ‘ಇದೊಂದನ್ನು ಸೇರಿಸು’ ಎಂಬ ಪ್ರತ್ಯೇಕ ಕರೆ ಇದ್ದರೆ ಅದನ್ನೇ ಬಳಸಬೇಕು.

ಎರಡನೆಯ ಹೆಜ್ಜೆ ಓದಿದ ವರ್ಷನ್ ಹೇಳಿ ಬರೆಯುವುದು:

```
GET /tickets/4182
  200 OK, ETag: "37"

PATCH /tickets/4182
If-Match: "37"
  412 Precondition Failed
```

ಓದಿದಾಗ ETagನಲ್ಲಿ ವರ್ಷನ್ 37 ಇತ್ತು, ಬರೆಯುವಷ್ಟರಲ್ಲಿ 38 ಆಗಿದೆ, ಹಾಗಾಗಿ ಸರ್ವರ್ ಬರಹವನ್ನು ತೆಗೆದುಕೊಳ್ಳಲಿಲ್ಲ. ವರ್ಷನ್ ಬದಲು ‘ಕೊನೆಗೆ ಬದಲಾದ ಸಮಯ’ ಹೋಲಿಸಿದರೂ ನಡೆಯುತ್ತದೆ, ಆದರೆ ಆ ಸಮಯ ಸೆಕೆಂಡಿನವರೆಗೆ ಮಾತ್ರ ದಾಖಲಾಗುವಂತಿದ್ದರೆ ಒಂದೇ ಸೆಕೆಂಡಿನಲ್ಲಿ ಬಂದ ಎರಡು ಬರಹ ಒಂದೇ ಥರ ಕಾಣುತ್ತವೆ. ಪ್ರತಿ ಸೇವ್‌ಗೂ ಒಂದೊಂದು ಏರುವ ಸಂಖ್ಯೆಯಲ್ಲಿ ಆ ತೊಂದರೆ ಇಲ್ಲ.

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. 412 ಬಂದರೆ ಹೊಸ ವರ್ಷನ್ ಸಂಖ್ಯೆ ತಂದು ಅದೇ ಬರಹವನ್ನು ಮತ್ತೆ ಕಳುಹಿಸುವಂತೆ ಬರೆದಿದ್ದೆ. ಟೆಸ್ಟ್‌ಗಳೆಲ್ಲ ಪಾಸಾದವು. ಕೋಡ್ ನೋಡಲು ಕೂತ ಹುಡುಗಿ, ತಂಡಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ, ಮೆಲ್ಲಗೆ ಕೇಳಿದಳು: ‘ಸರ್, ಮತ್ತೆ ಓದಿದ್ದರಲ್ಲಿ ಸಂಖ್ಯೆ ಮಾತ್ರ ತಗೊಂಡ್ರಿ, ಉಳಿದದ್ದನ್ನ ನೋಡ್ಲಿಲ್ಲ ಅಲ್ವಾ?’ ಹೌದು. ಯಾರೋ ತಂಡ ಬದಲಿಸಿದ್ದಾರೆ ಎಂದು ಸರ್ವರ್ ತಡೆದು ಹೇಳಿದರೂ, ಸರಿ ಎಂದು ಹೊಸ ಸಂಖ್ಯೆ ಹಚ್ಚಿ ಅದೇ ಹಳೆಯ ನಿರ್ಧಾರವನ್ನು ಅವರ ಮೇಲೆ ಹೇರುತ್ತಿದ್ದೆ. ಕಾವಲುಗಾರನನ್ನು ನಿಲ್ಲಿಸಿ, ಅವನು ತಡೆದವನ ಕೈಗೇ ಕೀಲಿಕೈ ಕೊಟ್ಟು ಒಳಗೆ ಕಳುಹಿಸಿದ ಹಾಗೆ. ಅವಳ ಆ ಪ್ರಶ್ನೆಯಿಂದ ಕೋಡ್ ಹೀಗಾಯಿತು:

```python
first = base = get(tid)
logs = collect_logs(base)
for _ in range(3):
    change = decide(base, logs)
    change = drop_touched(change, first, base)
    if not change:
        break
    if patch(tid, change, base.etag) != 412:
        break
    base = get(tid)
else:
    leave_note(tid, change)
```

ಲಾಗ್ ತರುವುದು ಒಂದೇ ಸಲ. ನಿರ್ಧಾರ ಮಾತ್ರ ಪ್ರತಿ ಸಲ ಹೊಸದಾಗಿ ಓದಿದ ಟಿಕೆಟ್ ಮೇಲೆ. ಎರಡನೆಯ ಸುತ್ತಿನಿಂದ ಓದು ಮತ್ತು ಬರಹದ ನಡುವಿನ ಅಂತರ ನಲವತ್ತು ಸೆಕೆಂಡಿನಿಂದ ಒಂದು ಸೆಕೆಂಡಿಗೂ ಕಮ್ಮಿಗೆ ಇಳಿಯುತ್ತದೆ, ಮತ್ತೆ ಡಿಕ್ಕಿಯಾಗುವುದು ಅಪರೂಪ. `drop_touched` ಮೊದಲು ಓದಿದ್ದನ್ನೂ ಈಗ ಓದಿದ್ದನ್ನೂ ಫೀಲ್ಡ್ ಫೀಲ್ಡಾಗಿ ಹೋಲಿಸುತ್ತದೆ. ನಡುವೆ ಬೇರೆಯವರು ಮುಟ್ಟಿದ ಫೀಲ್ಡ್ ಇದ್ದರೆ ಅದನ್ನು ತನ್ನ ಬರಹದಿಂದ ತೆಗೆದುಹಾಕುತ್ತದೆ. ಮೂರು ಸಲವೂ 412 ಬಂದರೆ ಯಾರೋ ಆ ಟಿಕೆಟ್ ಮೇಲೆ ಕೂತು ಕೆಲಸ ಮಾಡುತ್ತಿದ್ದಾರೆ ಎಂದೇ ಅರ್ಥ. ಆಗ ಸ್ಕ್ರಿಪ್ಟ್ ತನ್ನ ಊಹೆಯನ್ನು ಕಾಮೆಂಟಾಗಿ ಬರೆದು ಹಿಂದೆ ಸರಿಯುತ್ತದೆ. ಆ ಹುಡುಗಿಯ ಹೆಸರು ಹಾಕಬೇಡಿ ಎಂದು ಅವಳೇ ಹೇಳಿದ್ದಾಳೆ, ಹಾಕಿಲ್ಲ. ಇದನ್ನು ಓದುವಾಗ ನಿನಗೆ ಗೊತ್ತಾಗುತ್ತದಮ್ಮ, ಆ ಪ್ರಶ್ನೆಗೆ ನಾನು ಋಣಿ.

ಇಷ್ಟಾದರೂ ಒಂದು ಕಿಂಡಿ ಉಳಿದಿತ್ತು. ನಮ್ಮ ಇನ್ನೊಂದು ಸ್ಕ್ರಿಪ್ಟ್ 14 ದಿನ ಯಾರೂ ಮಾತಾಡದ ಟಿಕೆಟ್ ಮುಚ್ಚುತ್ತದೆ. ಒಂದು ರಾತ್ರಿ, ಅದು ಟಿಕೆಟ್ ಓದಿದ ಮೇಲೆ, ಮುಚ್ಚುವ ಮುಂಚೆ, ಗ್ರಾಹಕರ ಉತ್ತರ ಬಂದು ಬಿತ್ತು. ವರ್ಷನ್ ಹೋಲಿಕೆ ಪಾಸಾಯಿತು, ಟಿಕೆಟ್ ಮುಚ್ಚಿತು, ಉತ್ತರ ಮುಚ್ಚಿದ ಟಿಕೆಟ್ ಒಳಗೆ ಯಾರ ಕಣ್ಣಿಗೂ ಬೀಳದೆ ಉಳಿಯಿತು. ಕಾಮೆಂಟ್‌ಗಳು ಬೇರೆ ಟೇಬಲ್‌ನಲ್ಲಿ ಇರುವುದರಿಂದ ಕಾಮೆಂಟ್ ಬಂದರೆ ಟಿಕೆಟ್‌ನ ವರ್ಷನ್ ಏರುತ್ತಲೇ ಇರಲಿಲ್ಲ. ಸ್ಕ್ರಿಪ್ಟ್ ಕಡೆಯಿಂದ ಇದಕ್ಕೆ ಪೂರ್ತಿ ಮದ್ದಿಲ್ಲ. ಕೊನೆಯ ಕಾಮೆಂಟ್ ಸಮಯ ಎಷ್ಟು ಸಲ ನೋಡಿದರೂ ನೋಡಿದ ಮರುಕ್ಷಣ ಇನ್ನೊಂದು ಬರಬಹುದು. ಪ್ಲಾಟ್‌ಫಾರ್ಮ್ ತಂಡದವರು ಕಾಮೆಂಟ್ ಸೇರಿಸುವ ಟ್ರಾನ್ಸಾಕ್ಷನ್‌ನಲ್ಲೇ ಟಿಕೆಟ್ ವರ್ಷನ್ ಏರುವಂತೆ ಮಾಡಿಕೊಟ್ಟರು. ತಮ್ಮ ಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಒಂದು ವಾರ ಕೂತು ಮಾಡಿದರು. ಅವರಿಗೆಲ್ಲ ನಮಸ್ಕಾರ.

ಆಮೇಲೆ ದೂರು ಉಲ್ಟಾ ಬರತೊಡಗಿತು. ಇಪ್ಪತ್ತು ನಿಮಿಷ ಕೂತು ವಿವರಣೆ ಬರೆದವರು ಸೇವ್ ಒತ್ತಿದರೆ ‘ಈ ಟಿಕೆಟ್ ಬದಲಾಗಿದೆ’ ಎಂಬ ಪುಟ ಎದುರಾಗುತ್ತಿತ್ತು. ಕಾರಣ ಹುಡುಕಿದರೆ, ನನ್ನ ಸ್ಕ್ರಿಪ್ಟ್ ಪ್ರತಿ ಹತ್ತು ನಿಮಿಷಕ್ಕೆ ಟಿಕೆಟ್ ಮೇಲೆ ‘ಕೊನೆಗೆ ನೋಡಿದ ಸಮಯ’ ಬರೆಯುತ್ತಿತ್ತು. ಯಾರಿಗೂ ಬೇಡದ ಒಂದು ಫೀಲ್ಡ್, ಪ್ರತಿ ಸಲವೂ ವರ್ಷನ್ ಏರಿಸುತ್ತಿತ್ತು. ಆ ಮಾಹಿತಿಯನ್ನು ಟಿಕೆಟ್‌ನಿಂದ ಹೊರಗೆ, ಸ್ಕ್ರಿಪ್ಟ್‌ನದೇ ಟೇಬಲ್‌ಗೆ ಸಾಗಿಸಿದೆ. ಬದಲಾವಣೆ ಏನೂ ಇಲ್ಲದಿದ್ದರೆ ಬರೆಯುವುದೇ ಇಲ್ಲ. ಪುಟದ ಕೆಲಸ ನೋಡುವ ಗೆಳೆಯ, ಡಿಕ್ಕಿಯಾದಾಗ ನಾವು ಟೈಪ್ ಮಾಡಿದ್ದು ಪಕ್ಕದಲ್ಲೇ ಉಳಿಯುವಂತೆ, ಯಾವ ಫೀಲ್ಡ್ ಯಾರು ಬದಲಿಸಿದರು ಎಂದು ಕಾಣುವಂತೆ ಮಾಡಿಕೊಟ್ಟ. ಬೇರೆ ಬೇರೆ ಫೀಲ್ಡ್ ಆಗಿದ್ದರೆ ಒಂದೇ ಒತ್ತಿಗೆ ಎರಡೂ ಸೇರಿ ಸೇವ್ ಆಗುತ್ತವೆ.

ಕೊನೆಗೆ, ಸ್ಕ್ರಿಪ್ಟ್ ನಿಲ್ಲಿಸಿದ್ದ ಹನ್ನೊಂದು ದಿನ ಪ್ರತಿ ಟಿಕೆಟ್‌ಗೂ ಕೈಯಿಂದ ಲಾಗ್ ಹಚ್ಚಿ ತಂಡ ತುಂಬಿದ ರಾತ್ರಿ ಪಾಳಿಯವರು. ‘ಬೇಗ ಶುರು ಮಾಡಿ’ ಎಂದು ನೀವು ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಅದರ ಜೊತೆಗೆ, ಯಾರೂ ಕೇಳದಿದ್ದರೂ, ಟಿಕೆಟ್ ತೆರೆದ ಸಮಯ ಮತ್ತು ಸೇವ್ ಮಾಡಿದ ಸಮಯವನ್ನು ಒಂದು ಶೀಟ್‌ನಲ್ಲಿ ಬರೆದಿಟ್ಟಿರಿ. ಡಿಕ್ಕಿಯ ಟೆಸ್ಟ್‌ಗಳನ್ನು ನಾನು ಬರೆದದ್ದು ಆ ಶೀಟ್ ಇಟ್ಟುಕೊಂಡೇ. ಇವತ್ತಿಗೂ ಸ್ಕ್ರಿಪ್ಟ್‌ನಲ್ಲಿ ಏನೇ ಬದಲಿಸಿದರೂ, 4182ರ 10:04:12, 10:04:33, 10:04:51ರ ಮೇಲೂ ನಿಮ್ಮ ಆ ಸಾಲುಗಳ ಮೇಲೂ ಓಡಿಸಿ ನೋಡಿದ ಮೇಲೆಯೇ ಹೊರಗೆ ಬಿಡುತ್ತೇನೆ.